ಬೀಗ ಬಿದ್ದ ಕಂಪನಿಯ ಹಣ: ಮೊದಲು ಯಾರಿಗೆ, ಕೊನೆಗೆ ಯಾರಿಗೆ?

2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಲ್ಲಿಸಿದಾಗ ಅದರ ಸಿಬ್ಬಂದಿಗೆ ಹಲವು ತಿಂಗಳ ಸಂಬಳ ಬಾಕಿಯಿತ್ತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದ 17 ಬ್ಯಾಂಕುಗಳು ಸಾವಿರಾರು ಕೋಟಿ ಸಾಲಕ್ಕಾಗಿ ಕಾಯುತ್ತಿದ್ದವು. ತೆರಿಗೆ ಇಲಾಖೆಗಳು, ವಿಮಾನ ನಿಲ್ದಾಣಗಳು, ಇಂಧನ ಕಂಪನಿಗಳು, ಬಿಡಿಭಾಗ ಕೊಟ್ಟವರು, ಷೇರು ಕೊಂಡವರು, ಹೀಗೆ ಎಲ್ಲರೂ ಒಂದೇ ಬಾಗಿಲಿಗೆ ಬಂದು ನಿಂತಿದ್ದರು. ಕಂಪನಿಯನ್ನು ಮುಚ್ಚಿಸಿ ಎಂದು ಕರ್ನಾಟಕ ಹೈಕೋರ್ಟಿಗೆ ಹೋದವರಲ್ಲಿ ಬ್ರಿಟನ್ನಿನ ಏರೋಟ್ರಾನ್ ಎಂಬ ಬಿಡಿಭಾಗ ಪೂರೈಕೆದಾರ ಕಂಪನಿಯೂ ಒಂದು. ಅದರ ಅರ್ಜಿಯ ಮೇಲೆ 2016ರ ನವೆಂಬರ್ 18ರಂದು ಕಿಂಗ್‌ಫಿಷರ್ ಸಮಾಪನೆಗೆ, ಅಂದರೆ ಆಸ್ತಿಯನ್ನೆಲ್ಲ ಮಾರಿ, ಬಂದ ಹಣ ಹಂಚಿ, ಕಂಪನಿಯನ್ನೇ ಕೊನೆಗೊಳಿಸುವುದಕ್ಕೆ ಆದೇಶವಾಯಿತು.

ಸಿಬ್ಬಂದಿಯ ಬಾಕಿಗಾಗಿ ಸುಮಾರು 312 ಕೋಟಿ ರೂಪಾಯಿ ಅಧಿಕೃತ ಲಿಕ್ವಿಡೇಟರ್ ಕೈ ಸೇರಲು ದಾರಿಯಾದದ್ದು 2025ರ ಡಿಸೆಂಬರಿನಲ್ಲಿ. ಕೆಲಸ ನಿಂತು ಆಗಲೇ 13 ವರ್ಷ ಕಳೆದಿತ್ತು. ಆ ಹಣ ಬಂದದ್ದು ಬ್ಯಾಂಕುಗಳಿಗೆ ಮೊದಲೇ ಮರಳಿಸಲಾಗಿದ್ದ ಷೇರುಗಳ ಮಾರಾಟದ ಮೊತ್ತದಿಂದ. ಕಾರ್ಮಿಕರ ಬಾಕಿಗೆ ಕಾನೂನಿನಲ್ಲಿ ಬಹಳ ಮೇಲಿನ ಸ್ಥಾನವಿದೆ. ಅಷ್ಟಿದ್ದೂ ಹಣ ಕೈಗೆ ಬರುವುದು ಇಷ್ಟು ತಡವಾಗುತ್ತದೆ, ಎಷ್ಟೋ ಪ್ರಕರಣಗಳಲ್ಲಿ ಬರುವುದೇ ಇಲ್ಲ. ಏಕೆ ಎಂಬುದನ್ನು ಅರಿಯಲು ಹಂಚಿಕೆಯ ಸರದಿಯನ್ನೂ, ಆ ಸರದಿಯ ಹೊರಗೆ ನಡೆಯುವುದನ್ನೂ ಒಟ್ಟಿಗೆ ನೋಡಬೇಕು.

ಕಿಂಗ್‌ಫಿಷರ್ ಮುಚ್ಚಿದ್ದು 1956ರ ಕಂಪನಿ ಕಾಯ್ದೆಯಡಿ. ಆ ಆದೇಶ ಬಂದ ಕೆಲವೇ ವಾರಗಳಲ್ಲಿ ಹೊಸ ಕಾನೂನಿನ ಸಮಾಪನೆಯ ಅಧ್ಯಾಯ ಜಾರಿಗೆ ಬಂತು. ಪತ್ರಿಕೆಗಳು ಐಬಿಸಿ ಎಂದು ಕರೆಯುವ 2016ರ ದಿವಾಳಿ ಸಂಹಿತೆಯೇ ಅದು. ಸಾಲ ತೀರಿಸಲಾಗದ ಕಂಪನಿಗಳ ಹಣೆಬರಹ ಇಂದು ತೀರ್ಮಾನವಾಗುವುದು ಅದರಡಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಎನ್‌ಸಿಎಲ್‌ಟಿ ಎಂದೇ ಎಲ್ಲರೂ ಕರೆಯುವ ಈ ಮಂಡಳಿಯ ಒಂದು ಪೀಠ ಬೆಂಗಳೂರಿನಲ್ಲೂ ಇದೆ. ಮೊದಲು ಕಂಪನಿಯನ್ನು ಉಳಿಸಿಕೊಳ್ಳುವ ಯತ್ನ ನಡೆಯುತ್ತದೆ. ಕೊಳ್ಳುವವರು ಸಿಗದಿದ್ದರೆ, ಇಲ್ಲವೇ ಬಂದ ಯೋಜನೆ ಸಾಲ ಕೊಟ್ಟವರಿಗೆ ಒಪ್ಪಿಗೆಯಾಗದಿದ್ದರೆ, ಮಂಡಳಿ ಲಿಕ್ವಿಡೇಷನ್‌ಗೆ ಆದೇಶಿಸಿ ಒಬ್ಬ ಲಿಕ್ವಿಡೇಟರನ್ನು ನೇಮಿಸುತ್ತದೆ. ಅವರು ಆಸ್ತಿ ಮಾರಿ ತಂದ ಹಣವನ್ನು ಯಾರಿಗೆ ಮೊದಲು ಕೊಡಬೇಕು ಎಂಬುದನ್ನು ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ.

ಎಲ್ಲಕ್ಕಿಂತ ಮೊದಲು ಪೂರ್ತಿಯಾಗಿ ತೀರಬೇಕಾದದ್ದು ಪ್ರಕ್ರಿಯೆಯ ಖರ್ಚು: ಲಿಕ್ವಿಡೇಟರ್ ಸಂಭಾವನೆ, ಕಾವಲು, ವಿಮೆ, ಹರಾಜಿನ ವೆಚ್ಚ, ಕಂಪನಿಯನ್ನು ಉಳಿಸುವ ಯತ್ನ ನಡೆದಿದ್ದಾಗ ಅದನ್ನು ನಡೆಸಲು ತಂದ ಸಾಲ. ಇವುಗಳಿಗೆ ಹಣ ಖಾತ್ರಿಯಿಲ್ಲದಿದ್ದರೆ ಆಸ್ತಿ ಕಾಯುವುದಕ್ಕೂ ಮಾರುವುದಕ್ಕೂ ಯಾರೂ ಮುಂದೆ ಬರುವುದಿಲ್ಲ. ಎರಡನೆಯ ಮೆಟ್ಟಿಲಲ್ಲಿ ಇಬ್ಬರು ಸರಿಸಮನಾಗಿ ನಿಲ್ಲುತ್ತಾರೆ. ಒಂದು ಕಡೆ ಕಾರ್ಮಿಕರು, ಅವರ 24 ತಿಂಗಳ ಬಾಕಿಗೆ. ಇನ್ನೊಂದು ಕಡೆ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟು, ಆ ಅಡಮಾನವನ್ನು ಲಿಕ್ವಿಡೇಟರ್ ಕೈಗೆ ಬಿಟ್ಟುಕೊಟ್ಟ ಬ್ಯಾಂಕುಗಳು. ಮೂರನೆಯದು ಕಾರ್ಮಿಕರಲ್ಲದ ನೌಕರರ 12 ತಿಂಗಳ ಸಂಬಳ. ನಾಲ್ಕನೆಯದು ಅಡಮಾನವಿಲ್ಲದೆ ಸಾಲ ಕೊಟ್ಟವರದು. ಐದನೆಯ ಮೆಟ್ಟಿಲಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತಮ್ಮ ಎರಡು ವರ್ಷದ ಬಾಕಿಗಾಗಿ ನಿಂತರೆ, ಅಡಮಾನವನ್ನು ತಾವೇ ಮಾರಿಕೊಂಡೂ ಸಾಲ ಪೂರ್ತಿ ತೀರದ ಬ್ಯಾಂಕುಗಳು ಅವುಗಳ ಪಕ್ಕದಲ್ಲೇ ನಿಲ್ಲುತ್ತವೆ. ಆರನೆಯದು ಉಳಿದೆಲ್ಲ ಸಾಲ. ಸರಕು ಕೊಟ್ಟವರು, ಲಾರಿ ಬಾಡಿಗೆಯವರು, ಕ್ಯಾಂಟೀನ್ ನಡೆಸಿದವರು ಇಲ್ಲಿದ್ದಾರೆ. ಅದರ ಕೆಳಗೆ ಪ್ರಿಫರೆನ್ಸ್ ಷೇರುದಾರರು. ಕಟ್ಟಕಡೆಗೆ ಸಾಮಾನ್ಯ ಷೇರುದಾರರು, ಅಂದರೆ ಕಂಪನಿಯ ಮಾಲೀಕರು.

ಮೇಲಿನವರಿಗೆ ಪೂರ್ತಿ ಸಂದಾಯವಾಗದೆ ಒಂದು ರೂಪಾಯಿಯೂ ಕೆಳಗಿನ ಮೆಟ್ಟಿಲಿಗೆ ಇಳಿಯುವುದಿಲ್ಲ. ಒಂದೇ ಮೆಟ್ಟಿಲಲ್ಲಿರುವವರಿಗೆ ಹಣ ಸಾಲದೆ ಹೋದರೆ ಅವರವರ ಬಾಕಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು.

ಲೆಕ್ಕ ಹಾಕಿ ನೋಡಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಪೀಣ್ಯದಲ್ಲಿ ಒಂದು ಯಂತ್ರೋಪಕರಣ ಕಾರ್ಖಾನೆ ಮುಚ್ಚಿತೆಂದು ಊಹಿಸೋಣ. ಜಾಗ, ಶೆಡ್ಡು, ಲೇತು, ಮಿಲ್ಲಿಂಗ್ ಯಂತ್ರ, ಗುಜರಿ ಎಲ್ಲ ಮಾರಿ 40 ಕೋಟಿ ಬಂತು. ಪ್ರಕ್ರಿಯೆಯ ಖರ್ಚು 3 ಕೋಟಿ ತೆಗೆದರೆ ಉಳಿದದ್ದು 37 ಕೋಟಿ. ಬ್ಯಾಂಕಿನ ಸಾಲ 60 ಕೋಟಿ, ಕಾರ್ಮಿಕರ 24 ತಿಂಗಳ ಬಾಕಿ 14 ಕೋಟಿ. ಎರಡೂ ಕೂಡಿ 74 ಕೋಟಿ. ಇರುವ 37 ಕೋಟಿ ಅದರ ಸರಿಯಾಗಿ ಅರ್ಧ. ಹಾಗಾಗಿ ಇಬ್ಬರಿಗೂ ರೂಪಾಯಿಗೆ 50 ಪೈಸೆ. ಬ್ಯಾಂಕಿಗೆ 30 ಕೋಟಿ, ಕಾರ್ಮಿಕರಿಗೆ 7 ಕೋಟಿ. 3 ಲಕ್ಷ 20 ಸಾವಿರ ರೂಪಾಯಿ ಬರಬೇಕಿದ್ದ ಒಬ್ಬ ಫಿಟ್ಟರ್‌ಗೆ 1 ಲಕ್ಷ 60 ಸಾವಿರ ಸಿಗುತ್ತದೆ. ಅಲ್ಲಿಗೆ ಹಣ ಮುಗಿಯಿತು. ಮ್ಯಾನೇಜರುಗಳ 2 ಕೋಟಿ ಸಂಬಳ, ಅಡಮಾನವಿಲ್ಲದ 5 ಕೋಟಿ ಸಾಲ, 6 ಕೋಟಿ ತೆರಿಗೆ, ಕಚ್ಚಾ ಸರಕು ಕೊಟ್ಟವರ 9 ಕೋಟಿ, ಇವರಲ್ಲಿ ಯಾರಿಗೂ ಏನೂ ಇಲ್ಲ.

ಇದೇ ಕಾರ್ಖಾನೆ ಎರಡರಷ್ಟು ಬೆಲೆಗೆ, 80 ಕೋಟಿಗೆ, ಮಾರಿಹೋಯಿತು ಎಂದಿಟ್ಟುಕೊಳ್ಳಿ. ಖರ್ಚು ತೀರಿ, ಬ್ಯಾಂಕಿಗೂ ಕಾರ್ಮಿಕರಿಗೂ ಪೂರ್ತಿ ಕೊಟ್ಟ ಮೇಲೆ 3 ಕೋಟಿ ಉಳಿಯುತ್ತದೆ. ಮ್ಯಾನೇಜರುಗಳಿಗೆ 2 ಕೋಟಿ ಪೂರ್ತಿ ಸಲ್ಲುತ್ತದೆ. ಮಿಕ್ಕ 1 ಕೋಟಿಯನ್ನು ಅಡಮಾನವಿಲ್ಲದ ಸಾಲಿಗರು ರೂಪಾಯಿಗೆ 20 ಪೈಸೆಯಂತೆ ಹಂಚಿಕೊಳ್ಳುತ್ತಾರೆ. ಸರಕು ಕೊಟ್ಟವರಿಗೆ ಈಗಲೂ ಸೊನ್ನೆಯೇ. ಅವರ ಮೊದಲ ರೂಪಾಯಿ ಬರಬೇಕಾದರೆ ಮಾರಾಟದ ಮೊತ್ತ 90 ಕೋಟಿ ದಾಟಬೇಕು. ಷೇರುದಾರರ ಸರದಿಗೆ 99 ಕೋಟಿಯೂ ಸಾಲದು. ಮುಚ್ಚಿದ ಕಾರ್ಖಾನೆಗೆ ನಡೆಯುವ ಕಾರ್ಖಾನೆಯ ಬೆಲೆ ಎಂದೂ ಬರುವುದಿಲ್ಲ. ನಿಂತ ಯಂತ್ರಗಳು ತುಕ್ಕು ಹಿಡಿಯುತ್ತವೆ, ಹರಾಜು ಒಂದೆರಡು ಸಲ ವಿಫಲವಾದರೆ ಮೂಲ ಬೆಲೆಯನ್ನೇ ಇಳಿಸಬೇಕಾಗುತ್ತದೆ. ಆದ್ದರಿಂದ ನಿಜವಾದ ಪ್ರಕರಣಗಳಲ್ಲಿ ಹಣ ಎರಡನೆಯ ಮೆಟ್ಟಿಲಲ್ಲೇ ಖಾಲಿಯಾಗುವುದು ಸಾಮಾನ್ಯ.

ಕಾರ್ಮಿಕರು ಬ್ಯಾಂಕಿನ ಸಮಕ್ಕೆ ನಿಂತದ್ದು ತೀರಾ ಹಿಂದಿನ ಕಥೆಯೇನಲ್ಲ. 1956ರ ಕಾಯ್ದೆ ಮೊದಲು ಬಂದಾಗ ಅಡಮಾನವುಳ್ಳ ಬ್ಯಾಂಕು ತನ್ನ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತಿತ್ತು. ಉಳಿದದ್ದರಲ್ಲಿ ಕಾರ್ಮಿಕರಿಗೆ ಹೆಚ್ಚೆಂದರೆ ನಾಲ್ಕು ತಿಂಗಳ ಕೂಲಿಗೆ, ಅದೂ ಒಂದು ಮಿತಿಗೆ ಒಳಪಟ್ಟು, ಆದ್ಯತೆಯಿತ್ತು. 1985ರಲ್ಲಿ ಸಂಸತ್ತು 529ಎ ಎಂಬ ಸೆಕ್ಷನ್ ಸೇರಿಸಿ, ಕಾರ್ಮಿಕರ ಬಾಕಿಯನ್ನು ಅಡಮಾನದ ಸಾಲದ ಪಕ್ಕದಲ್ಲಿ ನಿಲ್ಲಿಸಿತು. ಕಂಪನಿಯ ಆಸ್ತಿ ಬೆಳೆದದ್ದರಲ್ಲಿ ದುಡಿದವರ ಪಾಲೂ ಇದೆ ಎಂಬ ವಿಚಾರ ಆಗ ಕಾನೂನಿನ ಮಾತಾಯಿತು. ಐಬಿಸಿ ಆ ಸಮಾನತೆಯನ್ನು ಉಳಿಸಿಕೊಂಡಿತು. ಆದರೆ ಹಳೆಯ 529ಎಯಲ್ಲಿ ಇಷ್ಟೇ ತಿಂಗಳು ಎಂಬ ಗಡಿಯಿರಲಿಲ್ಲ. ಐಬಿಸಿ 24 ತಿಂಗಳ ಗಡಿ ಹಾಕಿತು. ಈ ಲೇಖನದ ಮಟ್ಟಿಗೆ ಅತ್ಯಂತ ಮುಖ್ಯವಾದ ಸಂಗತಿ ಈ ಗಡಿಯೇ.

24 ತಿಂಗಳನ್ನು ಎಲ್ಲಿಂದ ಎಣಿಸಬೇಕು? ಸಂಬಳ ನಿಂತ ದಿನದಿಂದಲೂ ಅಲ್ಲ, ಕಾರ್ಖಾನೆಗೆ ಬೀಗ ಬಿದ್ದ ದಿನದಿಂದಲೂ ಅಲ್ಲ. ಕಾಯ್ದೆ ಹೇಳುವುದು, ಲಿಕ್ವಿಡೇಷನ್ ಆರಂಭವಾದ ದಿನದಿಂದ ಹಿಂದಕ್ಕೆ 24 ತಿಂಗಳು. ಜೆಟ್ ಏರ್‌ವೇಸ್ ಉದಾಹರಣೆ ತೆಗೆದುಕೊಳ್ಳೋಣ. ಅದರ ಕೊನೆಯ ವಿಮಾನ ಹಾರಿದ್ದು 2019ರ ಏಪ್ರಿಲ್ 17ರಂದು. ಜೂನ್ 20ರಂದು ಎನ್‌ಸಿಎಲ್‌ಟಿಯ ಮುಂಬೈ ಪೀಠ ಅದನ್ನು ದಿವಾಳಿ ಪ್ರಕ್ರಿಯೆಗೆ ಸೇರಿಸಿತು. ಜಾಲಾನ್-ಕಾಲ್‌ರಾಕ್ ಎಂಬ ಕೂಟ ಕಂಪನಿಯನ್ನು ಕೊಳ್ಳಲು ಮುಂದೆ ಬಂತು. ಅದರ ಯೋಜನೆಗೆ 2021ರ ಜೂನಿನಲ್ಲಿ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಯಾರು ಎಷ್ಟು ಹಣ ಯಾವಾಗ ಹಾಕಬೇಕು ಎಂಬ ಜಗಳದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಯೋಜನೆ ಜಾರಿಯಾಗದ್ದನ್ನು ಕಂಡು ಸುಪ್ರೀಂ ಕೋರ್ಟ್ 2024ರ ನವೆಂಬರ್ 7ರಂದು ತನ್ನ ವಿಶೇಷ ಅಧಿಕಾರ ಬಳಸಿ ಲಿಕ್ವಿಡೇಷನ್‌ಗೆ ಆದೇಶಿಸಿತು. ಕೂಟ ಹಾಕಿದ್ದ 200 ಕೋಟಿ ರೂಪಾಯಿ ಮುಟ್ಟುಗೋಲಾಯಿತು.

ಕಾಯ್ದೆಯ ಪದಗಳನ್ನು ಇದ್ದಂತೆಯೇ ಓದಿದರೆ, 2024ರ ನವೆಂಬರಿನಿಂದ 24 ತಿಂಗಳು ಹಿಂದಕ್ಕೆ ಹೋದಾಗ ಸಿಗುವುದು 2022ರ ನವೆಂಬರ್. ಆ ಹೊತ್ತಿಗೆ ವಿಮಾನಗಳು ನೆಲಕ್ಕಿಳಿದು ಮೂರೂವರೆ ವರ್ಷವಾಗಿತ್ತು. 2019ರ ಮೊದಲ ತಿಂಗಳುಗಳಲ್ಲಿ ದುಡಿದೂ ಸಂಬಳ ಕಾಣದವರ ಬಾಕಿ ಆ ಕಿಟಕಿಯ ಆಚೆಗೆ ಬೀಳುತ್ತದೆ. ಗಡಿಯಾಚೆಗಿನ ಬಾಕಿ ರದ್ದಾಗುವುದಿಲ್ಲ. ಅದು ಎರಡನೆಯ ಮೆಟ್ಟಿಲಿನಿಂದ ಆರನೆಯದಕ್ಕೆ ಜಾರುತ್ತದೆ. ಆರನೆಯ ಮೆಟ್ಟಿಲಿಗೆ ಹಣ ಎಷ್ಟು ಅಪರೂಪಕ್ಕೆ ಬರುತ್ತದೆ ಎಂಬುದನ್ನು ಪೀಣ್ಯದ ಲೆಕ್ಕದಲ್ಲಿ ಕಂಡಿದ್ದೇವೆ. ಕಂಪನಿಯನ್ನು ಉಳಿಸಲು ನಡೆಯುವ ಪ್ರತಿ ತಿಂಗಳ ವಿಳಂಬವೂ ಕಾರ್ಮಿಕರ ಒಂದೊಂದು ತಿಂಗಳ ಸಂಬಳವನ್ನು ಕೆಳಕ್ಕೆ ತಳ್ಳಬಲ್ಲದು. ಆ ವಿಳಂಬಕ್ಕೆ ಅವರು ಕಾರಣರಲ್ಲ. ಯೋಜನೆಯ ಮೇಲೆ ಮತ ಹಾಕುವ ಸಾಲಿಗರ ಸಮಿತಿಯಲ್ಲಿ ಅವರಿಗೆ ಮತವೂ ಇಲ್ಲ. ಈ ನಿಯಮದ ಅನ್ಯಾಯ ಇಲ್ಲಿ ಎದ್ದು ಕಾಣುತ್ತದೆ.

ಉಳಿಸುವ ಯತ್ನ ನಡೆದಿದ್ದಾಗಿನ ಸಂಬಳ ಪ್ರಕ್ರಿಯೆಯ ಖರ್ಚಿಗೆ ಸೇರಿ ಮೊದಲ ಮೆಟ್ಟಿಲಿಗೆ ಬರುವುದಿಲ್ಲವೇ ಎಂದು ಕೇಳಬಹುದು. ಗುಜರಾತಿನ ಎಬಿಜಿ ಶಿಪ್‌ಯಾರ್ಡ್ ಪ್ರಕರಣದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. 2022ರ ಏಪ್ರಿಲಿನಲ್ಲಿ ಕೋರ್ಟ್ ಕೊಟ್ಟ ಉತ್ತರ ಹೀಗಿದೆ: ಆ ಅವಧಿಯಲ್ಲಿ ಕಂಪನಿ ನಿಜವಾಗಿ ನಡೆಯುತ್ತಿದ್ದು, ಕಾರ್ಮಿಕರು ನಿಜವಾಗಿ ಕೆಲಸ ಮಾಡಿದ್ದರೆ ಆ ಸಂಬಳ ಮೊದಲ ಮೆಟ್ಟಿಲಿನ ಖರ್ಚು. ಕಾರ್ಖಾನೆ ಮುಚ್ಚಿಯೇ ಇದ್ದು ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿದ್ದರೆ ಅಲ್ಲ. ಹಾಗಾಗಿ ಇಂಥ ದಿನಗಳಲ್ಲಿ ಗೇಟ್ ಪಾಸ್, ಪಾಳಿಯ ಪಟ್ಟಿ, ಕೆಲಸ ಹೇಳಿದ ವಾಟ್ಸ್‌ಆ್ಯಪ್ ಸಂದೇಶಗಳಂಥ ಸಣ್ಣ ದಾಖಲೆಗಳೂ ಬಾಕಿ ಯಾವ ಮೆಟ್ಟಿಲಿಗೆ ಸೇರಬೇಕು ಎಂಬುದಕ್ಕೆ ಸಾಕ್ಷಿಯಾಗುತ್ತವೆ.

ಎರಡನೆಯ ಮೆಟ್ಟಿಲಿಗೂ ಮೂರನೆಯದಕ್ಕೂ ನಡುವಿನ ಗೆರೆ ಯಾರು ಕಾರ್ಮಿಕ, ಯಾರು ನೌಕರ ಎಂಬುದರ ಮೇಲೆ ನಿಂತಿದೆ. ಐಬಿಸಿ ಇದಕ್ಕೆ ತನ್ನದೇ ವ್ಯಾಖ್ಯಾನ ಬರೆದುಕೊಳ್ಳದೆ 1947ರ ಕೈಗಾರಿಕಾ ವಿವಾದ ಕಾಯ್ದೆಯತ್ತ ಬೆರಳು ತೋರಿಸಿತು. ಅದರಂತೆ ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಮಾಡುವವರು ಕಾರ್ಮಿಕರು. ಆಡಳಿತ ನಡೆಸುವವರು, ಒಂದು ಸಂಬಳದ ಮಿತಿ ಮೀರಿದ ಮೇಲ್ವಿಚಾರಕರು ಕಾರ್ಮಿಕರಲ್ಲ. ನೇಮಕಾತಿ ಪತ್ರದಲ್ಲಿ ಬರೆದಿರುವ ಹುದ್ದೆಗಿಂತ ದಿನನಿತ್ಯ ಮಾಡುವ ಕೆಲಸ ಏನು ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಎಕ್ಸಿಕ್ಯುಟಿವ್ ಎಂದು ಕರೆಸಿಕೊಂಡರೂ ದಿನವಿಡೀ ಬಿಲ್ ಬರೆಯುವವರು ಕಾರ್ಮಿಕರೇ ಆಗಬಹುದು. ಲಿಕ್ವಿಡೇಟರ್ ಅವರನ್ನು ನೌಕರರ ಪಟ್ಟಿಗೆ ಹಾಕಿದರೆ ಮೆಟ್ಟಿಲೂ ಒಂದು ಇಳಿಯುತ್ತದೆ, ಅವಧಿಯೂ 24ರಿಂದ 12 ತಿಂಗಳಿಗೆ ಇಳಿಯುತ್ತದೆ. ಪಟ್ಟಿ ತಯಾರಾಗುವಾಗಲೇ ಆಕ್ಷೇಪಿಸದಿದ್ದರೆ ಆಮೇಲೆ ತಿದ್ದಿಸುವುದು ಕಷ್ಟ.

ಇಷ್ಟೆಲ್ಲ ಸರದಿಯ ಒಳಗಿನ ಮಾತಾಯಿತು. ಸರದಿಗೇ ಸೇರದ ಹಣವೂ ಒಂದಿದೆ, ದುಡಿಯುವವರಿಗೆ ಅದೇ ದೊಡ್ಡ ಆಸರೆ. ಪ್ರಾವಿಡೆಂಟ್ ಫಂಡ್, ಪಿಂಚಣಿ ನಿಧಿ, ಗ್ರಾಚ್ಯುಟಿ ನಿಧಿಯಿಂದ ಬರಬೇಕಾದ ಮೊತ್ತ ಕಂಪನಿಯ ಆಸ್ತಿಯೇ ಅಲ್ಲ ಎನ್ನುತ್ತದೆ ಐಬಿಸಿಯ 36ನೇ ಸೆಕ್ಷನ್. ಕಂಪನಿಯದಲ್ಲದ ಹಣವನ್ನು ಬ್ಯಾಂಕಿನ ಜೊತೆ ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಸಿ.ಡಿ., ಡಿ.ವಿ.ಡಿ. ತಯಾರಿಸುತ್ತಿದ್ದ ಮೋಸರ್ ಬೇರ್ ಮುಚ್ಚಿದಾಗ ಸ್ಟೇಟ್ ಬ್ಯಾಂಕ್ ಈ ಮೊತ್ತವೂ 53ನೇ ಸೆಕ್ಷನ್ನಿನ ಹಂಚಿಕೆಗೇ ಬರಬೇಕು ಎಂದು ವಾದಿಸಿತು. 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಜೆಟ್ ಪ್ರಕರಣದಲ್ಲಿ ಇದೇ ಮಂಡಳಿ 2022ರ ಅಕ್ಟೋಬರಿನಲ್ಲಿ ಸಿಬ್ಬಂದಿಯ ಪಿಎಫ್ ಮತ್ತು ಗ್ರಾಚ್ಯುಟಿ ಬಾಕಿ ಪೂರ್ತಿ ಕೊಡಬೇಕೆಂದಿತು. ಮುಂದಿನ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲಿಲ್ಲ. ಸಂಬಳದ ಬಾಕಿಗಾಗಿ ಮೋಸರ್ ಬೇರ್ ಕಾರ್ಮಿಕರ ಸಂಘ ನಡೆಸಿದ ಇನ್ನೊಂದು ಹೋರಾಟ ಮಾತ್ರ ಫಲಿಸಲಿಲ್ಲ. ಹಳೆಯ ಕಾನೂನಿನ ಆದ್ಯತೆಯನ್ನು ಐಬಿಸಿ ಕಿತ್ತುಕೊಂಡಿದೆ ಎಂಬ ಅವರ ವಾದವನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತಳ್ಳಿಹಾಕಿ, 53ನೇ ಸೆಕ್ಷನ್ನಿನ ಸರದಿಯನ್ನು ಎತ್ತಿಹಿಡಿಯಿತು.

ಗ್ರಾಚ್ಯುಟಿಯಲ್ಲಿ ಒಂದು ಬಿರುಕಿದೆ. ಎಷ್ಟೋ ಕಂಪನಿಗಳು ಗ್ರಾಚ್ಯುಟಿಗೆಂದು ಪ್ರತ್ಯೇಕ ನಿಧಿ ಕಟ್ಟುವುದೇ ಇಲ್ಲ. ಯಾರಾದರೂ ನಿವೃತ್ತರಾದಾಗ ಕೈಯಲ್ಲಿರುವ ಹಣದಿಂದ ಕೊಡುತ್ತವೆ. ನಿಧಿಯೇ ಇಲ್ಲದಿದ್ದರೆ ಲಿಕ್ವಿಡೇಟರ್ ಎಲ್ಲಿಂದ ಕೊಡಬೇಕು ಎಂಬುದರಲ್ಲಿ ನ್ಯಾಯಮಂಡಳಿಗಳ ಆದೇಶಗಳು ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಪಿಎಫ್ ವಿಷಯ ಇಷ್ಟು ಗೋಜಲಲ್ಲ. ಸಂಬಳದಿಂದ ಮುರಿದುಕೊಂಡ ಹಣ ಖಾತೆಗೆ ಜಮೆಯಾಗಿದೆಯೇ ಎಂದು ಪಿಎಫ್ ಪಾಸ್‌ಬುಕ್ಕಿನಲ್ಲಿ ಯಾರು ಬೇಕಾದರೂ ನೋಡಬಹುದು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಾಣುತ್ತಾ, ಪಾಸ್‌ಬುಕ್ಕಿನಲ್ಲಿ ಎರಡು ಮೂರು ತಿಂಗಳು ಖಾಲಿಯಿದ್ದರೆ ಕಂಪನಿಯ ಕೈ ಬಿಗಿಯಾಗಿದೆ ಎಂದರ್ಥ. ಸಂಬಳ ನಿಲ್ಲುವುದಕ್ಕಿಂತ ಮೊದಲೇ ಕಾಣಿಸಿಕೊಳ್ಳಬಹುದಾದ ಎಚ್ಚರಿಕೆಯಿದು.

ಬ್ಯಾಂಕಿಗೂ ಸರದಿಯ ಹೊರಗೆ ನಿಲ್ಲುವ ದಾರಿಯಿದೆ. ಅಡಮಾನವನ್ನು ಲಿಕ್ವಿಡೇಟರ್‌ಗೆ ಬಿಟ್ಟುಕೊಡಬಹುದು, ಇಲ್ಲವೇ ತಾನೇ ಮಾರಿಕೊಂಡು ಸಾಲ ವಸೂಲು ಮಾಡಬಹುದು. ಯಾವುದನ್ನು ಆರಿಸಿದೆ ಎಂದು ಲಿಕ್ವಿಡೇಷನ್ ಆರಂಭವಾದ 30 ದಿನಗಳಲ್ಲಿ ತಿಳಿಸದಿದ್ದರೆ ಬಿಟ್ಟುಕೊಟ್ಟಂತೆಯೇ ಲೆಕ್ಕ. ಒಳ್ಳೆಯ ಜಾಗವನ್ನು ಅಡಮಾನ ಪಡೆದ ಬ್ಯಾಂಕಿಗೆ ಹೊರಗೆ ನಿಲ್ಲುವುದು ಲಾಭ ಎನಿಸಬಹುದು. ಆದರೆ ಆಗ ಕಾರ್ಮಿಕರ ಪಾಲಿಗೆ ಉಳಿಯುವುದು ಯಾರೂ ಕೇಳದ ಹಳೆಯ ಯಂತ್ರಗಳು, ವಸೂಲಾಗದ ಬಿಲ್ಲುಗಳು ಅಷ್ಟೇ. ಇದನ್ನು ತಡೆಯಲು ಲಿಕ್ವಿಡೇಷನ್ ನಿಯಮಗಳು ಒಂದು ಕಟ್ಟು ಹಾಕಿವೆ. ಹೊರಗೆ ನಿಂತ ಬ್ಯಾಂಕು, ಒಳಗಿದ್ದರೆ ಪ್ರಕ್ರಿಯೆಯ ಖರ್ಚಿಗೂ ಕಾರ್ಮಿಕರ ಬಾಕಿಗೂ ಎಷ್ಟು ಬಿಟ್ಟುಕೊಡಬೇಕಿತ್ತೋ ಅಷ್ಟನ್ನು ಲಿಕ್ವಿಡೇಟರ್‌ಗೆ ಕಟ್ಟಬೇಕು. ಸಾಲಕ್ಕಿಂತ ಹೆಚ್ಚು ಹಣ ಬಂದರೆ ಆ ಹೆಚ್ಚಿನದನ್ನೂ ಒಪ್ಪಿಸಬೇಕು. ಕಡಿಮೆ ಬಂದರೆ ಉಳಿದ ಸಾಲಕ್ಕೆ ಎರಡನೆಯ ಮೆಟ್ಟಿಲಿಗೆ ಮರಳುವಂತಿಲ್ಲ. ಐದನೆಯದರಲ್ಲಿ ಸರ್ಕಾರದ ಪಕ್ಕ ಕಾಯಬೇಕು.

ಸರ್ಕಾರ ಐದನೆಯ ಮೆಟ್ಟಿಲಿಗೆ ಇಳಿದದ್ದು ಈ ಕಾನೂನಿನ ದೊಡ್ಡ ಬದಲಾವಣೆ. ಹಳೆಯ ಕಾಯ್ದೆಯಲ್ಲಿ ತೆರಿಗೆಗೆ ಅಡಮಾನವಿಲ್ಲದ ಸಾಲಿಗರಿಗಿಂತ ಮೇಲಿನ ಸ್ಥಾನವಿತ್ತು. ಟಿ.ಕೆ. ವಿಶ್ವನಾಥನ್ ನೇತೃತ್ವದ ಸಮಿತಿ 2015ರಲ್ಲಿ ಕೊಟ್ಟ ವರದಿಯ ಬೆನ್ನಲ್ಲೇ ಬಂದ ಸಂಹಿತೆ ಆ ಕ್ರಮವನ್ನು ತಿರುಗಿಸಿತು. ತೆರಿಗೆ ತಪ್ಪಿದರೂ ಸರ್ಕಾರ ತಡೆದುಕೊಳ್ಳಬಲ್ಲದು; ಅಡಮಾನವಿಲ್ಲದೆ ಸಾಲ ಕೊಡುವವರಿಗೆ ಭರವಸೆ ಬಂದರೆ ಸಣ್ಣ ಕಂಪನಿಗಳಿಗೂ ಸಾಲ ಹುಟ್ಟುತ್ತದೆ ಎಂಬುದು ಇದರ ಹಿಂದಿನ ತರ್ಕ. ತೆರಿಗೆ ಇಲಾಖೆಗಳು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಗುಜರಾತಿನ ವ್ಯಾಟ್ ಕಾಯ್ದೆ ಡೀಲರ್ ಆಸ್ತಿಯ ಮೇಲೆ ಸರ್ಕಾರಕ್ಕೆ ಮೊದಲ ಹಕ್ಕು ಕೊಡುತ್ತದೆ, ಆದ್ದರಿಂದ ತಾನೂ ಬ್ಯಾಂಕಿನಂತೆಯೇ ಭದ್ರತೆಯುಳ್ಳ ಸಾಲಿಗ ಎಂದು ಆ ರಾಜ್ಯ ವಾದಿಸಿತು. ರೇನ್‌ಬೋ ಪೇಪರ್ಸ್ ಪ್ರಕರಣದಲ್ಲಿ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದಾಗ ಬ್ಯಾಂಕುಗಳು ಬೆಚ್ಚಿದವು. ಮರುವರ್ಷ ಜುಲೈನಲ್ಲಿ ಉತ್ತರ ಪ್ರದೇಶದ ವಿದ್ಯುತ್ ಕಂಪನಿಯೊಂದರ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, ರೇನ್‌ಬೋ ತೀರ್ಪು 53ನೇ ಸೆಕ್ಷನ್ನಿನ ಸರದಿಯನ್ನು ಗಮನಿಸಿಲ್ಲ ಎಂದು ಹೇಳಿ, ಅದನ್ನು ಆ ಪ್ರಕರಣದ ಸಂಗತಿಗಳಿಗಷ್ಟೇ ಸೀಮಿತಗೊಳಿಸಿತು.

ಈ ಎಲ್ಲ ಜಗ್ಗಾಟದಲ್ಲಿ ದನಿಯೇ ಕೇಳದವರು ಸರಕು ಕೊಟ್ಟ ಸಣ್ಣ ಉದ್ದಿಮೆದಾರರು. ದೊಡ್ಡ ಕಂಪನಿಯೊಂದಕ್ಕೆ ಬೋಲ್ಟು, ಪ್ಯಾಕಿಂಗ್ ಪೆಟ್ಟಿಗೆ, ಎರಕದ ಭಾಗ ಮಾಡಿಕೊಡುವವರು 60 ದಿನ, 90 ದಿನದ ಉದ್ದರಿ ಕೊಟ್ಟಿರುತ್ತಾರೆ. ಉದ್ಯಮ್ ನೋಂದಣಿ ಇದ್ದವರಿಗೆ, ತಡವಾದ ಪಾವತಿಗೆ ಬಡ್ಡಿ ಕೊಡಿಸುವ 2006ರ ಕಾಯ್ದೆ ತಮ್ಮನ್ನು ಇಲ್ಲೂ ಕಾಯುತ್ತದೆ ಎಂಬ ನಂಬಿಕೆಯಿದೆ. ಕಂಪನಿ ನಡೆಯುತ್ತಿರುವವರೆಗೆ ಅದು ಉಪಯೋಗಕ್ಕೆ ಬರುತ್ತದೆ. ಲಿಕ್ವಿಡೇಷನ್ ಶುರುವಾದ ಮೇಲೆ ಬೇರೆ ಕಾನೂನುಗಳು ಏನೇ ಹೇಳಲಿ 53ನೇ ಸೆಕ್ಷನ್ನಿನದೇ ಕೊನೆಯ ಮಾತು, ಅದರಲ್ಲಿ ಸಣ್ಣ ಉದ್ದಿಮೆಗೆ ಬೇರೆ ಮೆಟ್ಟಿಲಿಲ್ಲ. ಕಂಪನಿಯನ್ನು ಬೇರೆಯವರು ಕೊಂಡು ಉಳಿಸಿದಾಗಲೂ ಇವರಿಗೆ ಸಿಗುವ ಕನಿಷ್ಠ ಖಾತ್ರಿ, ಲಿಕ್ವಿಡೇಷನ್ ಆಗಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು. ಆ ಮೊತ್ತ ಬಹಳ ಸಲ ಸೊನ್ನೆ. ಬಾಕಿ ಬೆಳೆಯುತ್ತಾ ಹೋಗುವ ಗಿರಾಕಿಗೆ ಬ್ಯಾಂಕ್ ಗ್ಯಾರಂಟಿಯೋ ಮುಂಗಡವೋ ಕೇಳುವುದಿದ್ದರೆ ಸರಕು ಕಳುಹಿಸುವ ಮೊದಲೇ ಕೇಳಬೇಕು. ಇನ್ನೊಂದು ತೊಂದರೆಯೂ ಇದೆ. ಮುಳುಗುವ ಮುನ್ನ ಕಂಪನಿ ಕೆಲವರಿಗೆ ಮಾತ್ರ ಬಾಕಿ ತೀರಿಸಿದ್ದರೆ ಲಿಕ್ವಿಡೇಟರ್ ಆ ಪಾವತಿಯನ್ನು ಪ್ರಶ್ನಿಸಬಹುದು. ಪ್ರವರ್ತಕರ ನಂಟಸ್ತಿಕೆಯ ಕಂಪನಿಗಳಿಗಾದರೆ ಎರಡು ವರ್ಷ, ಬೇರೆಯವರಿಗಾದರೆ ಒಂದು ವರ್ಷ ಹಿಂದಿನವರೆಗೆ ಈ ತಪಾಸಣೆ ಹೋಗುತ್ತದೆ. ಮಾಮೂಲಿ ವ್ಯಾಪಾರದ ನಡೆಯಲ್ಲಿ ಬಂದ ಪಾವತಿಗೆ ಮಾತ್ರ ರಕ್ಷಣೆಯುಂಟು.

ಷೇರುದಾರರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಾಭವಾದಾಗ ಎಲ್ಲ ಅವರದು, ಆದ್ದರಿಂದ ನಷ್ಟದಲ್ಲಿ ಅವರು ಕೊನೆಯವರು. ಆದರೂ ದಿವಾಳಿ ಪ್ರಕ್ರಿಯೆಯಲ್ಲಿರುವ ಕಂಪನಿಗಳ ಷೇರುಗಳನ್ನು ಅಗ್ಗವಾಗಿವೆ ಎಂದು ಕೊಳ್ಳುವವರಿದ್ದಾರೆ. ಜೆಟ್ ವಿಮಾನಗಳು ನಿಂತು ವರ್ಷಗಳಾದರೂ ಅದರ ಷೇರಿನ ವ್ಯವಹಾರ ಪೇಟೆಯಲ್ಲಿ ನಡೆದೇ ಇತ್ತು. ಅಂಥ ಷೇರನ್ನು ಕೊಂಡವರು, ತಮಗಿಂತ ಮುಂದೆ ನಿಂತ ಏಳು ಮೆಟ್ಟಿಲುಗಳ ಬಾಕಿ ಪೂರ್ತಿ ತೀರಿ ಇನ್ನೂ ಹಣ ಉಳಿಯುತ್ತದೆ ಎಂದು ಪಣ ಕಟ್ಟಿದಂತೆ.

ಸರದಿಯಲ್ಲಿ ಸ್ಥಾನವಿದ್ದರೂ ಅದು ತಾನಾಗಿ ಸಿಗುವುದಿಲ್ಲ, ಕೇಳಿ ಪಡೆಯಬೇಕು. ನೇಮಕವಾದ ಐದು ದಿನಗಳಲ್ಲಿ ಲಿಕ್ವಿಡೇಟರ್ ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡುತ್ತಾರೆ. ಲಿಕ್ವಿಡೇಷನ್ ಆರಂಭವಾದ ದಿನದಿಂದ 30 ದಿನಗಳೊಳಗೆ ಬಾಕಿಯ ವಿವರ ಸಲ್ಲಿಸಬೇಕು. ಒಬ್ಬೊಬ್ಬ ಕಾರ್ಮಿಕರೂ ತಮ್ಮ ಬಾಕಿಯನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬಹುದು. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಒಂದೇ ಅರ್ಜಿ ಹಾಕುವುದಕ್ಕೂ ಅವಕಾಶವಿದೆ. ನೇಮಕಾತಿ ಪತ್ರ, ಸಂಬಳದ ಚೀಟಿ, ಸಂಬಳ ಬರುತ್ತಿದ್ದ ಬ್ಯಾಂಕ್ ಖಾತೆಯ ವಿವರ, ಬಾಕಿ ಯಾವ ತಿಂಗಳಿಂದ ಯಾವ ತಿಂಗಳಿನವರೆಗೆ ಎಂಬ ಲೆಕ್ಕ ಜೊತೆಗಿರಬೇಕು. ಕಂಪನಿಯ ಕಂಪ್ಯೂಟರು, ಈಮೇಲ್ ಒಂದು ದಿನ ತಟ್ಟನೆ ನಿಂತುಹೋಗುವುದರಿಂದ ಇವುಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಕೆಲಸ ಹಗುರ. ಲಿಕ್ವಿಡೇಟರ್ ಬಾಕಿಯನ್ನು ಪೂರ್ತಿಯಾಗಲೀ ಭಾಗಶಃ ಆಗಲೀ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಆ ಪತ್ರ ಕೈ ಸೇರಿದ 14 ದಿನಗಳೊಳಗೆ ಎನ್‌ಸಿಎಲ್‌ಟಿಗೆ ಮೇಲ್ಮನವಿ ಸಲ್ಲಿಸಬಹುದು.